ಬಿಟ್ಟ ಜಾಗದ ಮುಂದೆ ಅಂಟಿರುವ ಅಕ್ಷರ: ಕೊಟ್ಟ ಪದದಿಂದ ಸರಿಯಾದ ಪದ ಕಟ್ಟುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಹಾಲಿನಲ್ಲಿ ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ವಾರವೆಲ್ಲ ಅವರ ಶಾಲೆ ಇಂಗ್ಲಿಷಿನಲ್ಲಿ, ಆಟ ಮರಾಠಿಯಲ್ಲಿ, ಟೀವಿ ಹಿಂದಿಯಲ್ಲಿ ನಡೆಯುತ್ತದೆ. ಕನ್ನಡವಿರುವುದು ಅಜ್ಜಿಯ ಜೊತೆ ಮಾತ್ರ. ಹೋದ ಆಗಸ್ಟಿನಲ್ಲಿ ಅವರಿಗೆ ಒಂದು ಸಣ್ಣ ಅಭ್ಯಾಸ ಕೊಟ್ಟಿದ್ದೆ. ಆವರಣದಲ್ಲಿರುವ ಪದದ ಸರಿಯಾದ ರೂಪವನ್ನು ಬಿಟ್ಟ ಜಾಗದಲ್ಲಿ ಬರೆಯಬೇಕು, ಅಷ್ಟೇ. ಮೊದಲ ವಾಕ್ಯ ಹೀಗಿತ್ತು:

ಭಾರತದ ____ಕ್ಕಾಗಿ ಸಾವಿರಾರು ಜನ ಹೋರಾಡಿದರು. (ಸ್ವತಂತ್ರ)

ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಸ್ವಾತಂತ್ರ್ಯತೆ’ ಎಂದು ಬರೆದಳು. ಬಹಳ ಜಾಣೆ, ಸುಮ್ಮನೆ ಏನೋ ಗೀಚುವವಳಲ್ಲ. ಹೇಗೆ ಬಂತು ಎಂದು ಕೇಳಿದೆ. ‘ಟೀಚರ್, ನಮ್ಮ ಸ್ಕೂಲಿನ ಬೋರ್ಡಿನ ಮೇಲೆ ಮರಾಠಿಯಲ್ಲಿ ಸ್ವಾತಂತ್ರ್ಯ ದಿನ್ ಅಂತಿತ್ತು. ಹಿಂದಿ ಮಿಸ್ ಸ್ವತಂತ್ರತಾ ದಿವಸ್ ಅಂದ್ರು. ಕನ್ನಡದಲ್ಲಿ ಎರಡೂ ಸೇರತ್ತೇನೋ ಅಂದ್ಕೊಂಡೆ’ ಎಂದಳು.

ಅವಳ ತಪ್ಪಿನಲ್ಲಿ ಒಂದು ತರ್ಕವಿತ್ತು. ಒಂದೇ ಮೂಲಪದದಿಂದ ನಾಮಪದ ಮಾಡಲು ಎರಡು ದಾರಿಗಳಿವೆ ಎಂಬುದನ್ನು ಅವಳು ತಾನೇ ಕಂಡುಕೊಂಡಿದ್ದಳು. ಮರಾಠಿ ಒಂದು ದಾರಿ ಹಿಡಿದಿದೆ, ಹಿಂದಿ ಇನ್ನೊಂದು. ಎರಡರಲ್ಲೂ ಒಟ್ಟಿಗೆ ನಡೆಯಲಾಗದು ಎಂಬುದಷ್ಟೇ ಅವಳಿಗೆ ಗೊತ್ತಿರಲಿಲ್ಲ. ನಾನು ‘ತಪ್ಪು’ ಎಂದು ಗೀಟು ಎಳೆದು ಸರಿಯುತ್ತರ ಬರೆದುಬಿಟ್ಟಿದ್ದರೆ ಅವಳು ಆ ಒಂದು ಪದವನ್ನು ಕಲಿಯುತ್ತಿದ್ದಳು. ಮುಂದಿನ ವಾರ ‘ಸೌಂದರ್ಯತೆ’ ಬರೆಯುತ್ತಿದ್ದಳು. ಆದ್ದರಿಂದ ಆ ದಿನದ ಪಾಠವನ್ನೆಲ್ಲ ಬದಿಗಿಟ್ಟು ಈ ಒಂದು ವಾಕ್ಯದ ಮೇಲೆಯೇ ಕುಳಿತೆವು. ಆಗ ಮಾತಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು ಆವರಣವನ್ನಲ್ಲ

ಇಂಥ ಪ್ರಶ್ನೆ ಎದುರಾದ ಕೂಡಲೇ ಮಕ್ಕಳ ಕಣ್ಣು ಆವರಣದೊಳಗಿನ ಪದಕ್ಕೆ ಹೋಗುತ್ತದೆ. ಅದರಿಂದ ಗೊತ್ತಿರುವ ಪದ ಯಾವುದಾದರೂ ಹೊಳೆಯುತ್ತದೆ, ಅದನ್ನು ತಂದು ಕೂರಿಸುತ್ತಾರೆ. ನಾನು ಅವರಿಗೆ ಆವರಣವನ್ನು ಬೆರಳಿನಿಂದ ಮುಚ್ಚಿಕೊಳ್ಳಲು ಹೇಳುತ್ತೇನೆ. ಮೊದಲು ಬಿಟ್ಟ ಜಾಗದ ಅಕ್ಕಪಕ್ಕ ಓದಬೇಕು. ಆ ಜಾಗ ಏನನ್ನು ಬೇಡುತ್ತಿದೆ ಎಂಬುದನ್ನು ವಾಕ್ಯವೇ ಹೇಳುತ್ತದೆ.

ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಸುಲಭ. ಜಾಗದ ಬೆನ್ನಿಗೇ ಒಂದು ನಾಮಪದ ಬಿಡಿಯಾಗಿ ಇದ್ದರೆ ಅಲ್ಲಿ ಹೆಚ್ಚಾಗಿ ಬೇಕಿರುವುದು ಗುಣ ಹೇಳುವ ಪದ, ಅಂದರೆ ವಿಶೇಷಣ: ‘____ ಸಮಸ್ಯೆ’ (ಸಮಾಜ) ಎಂದರೆ ಸಾಮಾಜಿಕ ಸಮಸ್ಯೆ. ಬೆನ್ನಿಗೆ ಕ್ರಿಯಾಪದವಿದ್ದು, ಕೆಲಸ ಹೇಗೆ ನಡೆಯಿತು ಎಂದು ಕೇಳುವಂತಿದ್ದರೆ ಕ್ರಿಯಾವಿಶೇಷಣ: ‘____ ಹೇಳಿದಳು’ (ಸ್ಪಷ್ಟ) ಎಂದರೆ ಸ್ಪಷ್ಟವಾಗಿ ಹೇಳಿದಳು. ಜಾಗಕ್ಕೆ ವಿಭಕ್ತಿ ಪ್ರತ್ಯಯವೊಂದು ಅಂಟಿಕೊಂಡಿದ್ದರೆ ಅಲ್ಲಿ ಬೇಕಾದ್ದು ನಾಮಪದವೇ. ಅನ್ನು, ಇಂದ, ಗೆ, ಅಲ್ಲಿ ಇವು ವಿಶೇಷಣಕ್ಕೆ ಬರಿದೇ ಅಂಟುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಅದರ ಮುಂದೆ ಇರುವ ಒಂದು ಸುಳಿವನ್ನು ಮಾತ್ರ ಯಾರೂ ಹೇಳಿಕೊಡುವುದನ್ನು ನಾನು ನೋಡಿಲ್ಲ. ಅಂಟಿಕೊಂಡಿರುವ ಪ್ರತ್ಯಯದ ಮೊದಲ ಅಕ್ಷರ, ಬರಬೇಕಾದ ಪದ ಯಾವ ಸ್ವರದಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತದೆ. ಆಗಮ ಸಂಧಿಯ ಪಾಠದಲ್ಲಿ ಮಕ್ಕಳು ಯಕಾರಾಗಮ, ವಕಾರಾಗಮ ಎಂದು ಉರು ಹೊಡೆದಿರುತ್ತಾರೆ. ಅದು ಉಪಯೋಗಕ್ಕೆ ಬರುವ ಜಾಗ ಇದು. ಪುಸ್ತಕ ಎಂಬುದು ಅಕಾರದಲ್ಲಿ ಮುಗಿಯುತ್ತದೆ. ಅದಕ್ಕೆ ಅನ್ನು ಸೇರಿದರೆ ಪುಸ್ತಕವನ್ನು, ನಡುವೆ ವಕಾರ ಬಂತು. ಮನೆ ಎಕಾರದಲ್ಲಿ ಮುಗಿಯುತ್ತದೆ. ಅದಕ್ಕೆ ಅನ್ನು ಸೇರಿದರೆ ಮನೆಯನ್ನು, ನಡುವೆ ಯಕಾರ ಬಂತು. ಉಳಿದ ವಿಭಕ್ತಿಗಳಲ್ಲೂ ಇದೇ ಭೇದ ಕಾಣುತ್ತದೆ. ಪುಸ್ತಕಕ್ಕೆ, ಪುಸ್ತಕದಿಂದ, ಪುಸ್ತಕದಲ್ಲಿ ಎನ್ನುತ್ತೇವೆ. ಮನೆಗೆ, ಮನೆಯಿಂದ, ಮನೆಯಲ್ಲಿ ಎನ್ನುತ್ತೇವೆ.

ಈಗ ಇದನ್ನು ತಿರುಗಿಸಿ ಓದೋಣ. ಬಿಟ್ಟ ಜಾಗದ ಮುಂದೆ ‘ವನ್ನು’, ‘ಕ್ಕೆ’, ‘ದಿಂದ’, ‘ದಲ್ಲಿ’ ಇದ್ದರೆ ಬರುವ ಪದ ಸಾಮಾನ್ಯವಾಗಿ ಅಕಾರದಲ್ಲಿ ಮುಗಿಯುತ್ತದೆ. ‘ಯನ್ನು’, ‘ಗೆ’, ‘ಯಿಂದ’, ‘ಯಲ್ಲಿ’ ಇದ್ದರೆ ಅದು ಎಕಾರ ಅಥವಾ ಇಕಾರದಲ್ಲಿ ಮುಗಿಯುತ್ತದೆ. ಗುರುವನ್ನು ಎನ್ನುವಲ್ಲಿ ಉಕಾರದ ಮುಂದೆಯೂ ವಕಾರ ಬರುತ್ತದೆ ನಿಜ. ಆದರೆ ಮೂಲಪದದಿಂದ ಕಟ್ಟುವ ಭಾವನಾಮಗಳಲ್ಲಿ ಅಂಥವು ತೀರ ಕಡಿಮೆ.

ನಮ್ಮ ವಾಕ್ಯಕ್ಕೆ ಮರಳಿದರೆ, ‘____ಕ್ಕಾಗಿ’ ಎಂದಿದೆ. ‘ಕ್ಕೆ’ ಮತ್ತು ‘ಆಗಿ’ ಸೇರಿ ಕ್ಕಾಗಿ. ಅಂದರೆ ಪದ ಅಕಾರದಲ್ಲಿ ಮುಗಿಯಬೇಕು. ತೆ ಎಂದು ಮುಗಿಯುವ ಯಾವ ಪದವೂ ಇಲ್ಲಿ ಕೂರುವುದಿಲ್ಲ. ‘ಸ್ವತಂತ್ರತೆ’ ಎಂಬ ಸರಿಯಾದ ಪದವೂ ಕೂರುವುದಿಲ್ಲ, ಅದು ಬಂದಿದ್ದರೆ ‘ಸ್ವತಂತ್ರತೆಗಾಗಿ’ ಎಂದಿರಬೇಕಿತ್ತು. ಹುಡುಗಿಗೆ ತಾನು ಬರೆದದ್ದನ್ನು ಪ್ರತ್ಯಯದ ಜೊತೆ ಸೇರಿಸಿ ಗಟ್ಟಿಯಾಗಿ ಓದಲು ಹೇಳಿದೆ. ‘ಸ್ವಾತಂತ್ರ್ಯತೆಕ್ಕಾಗಿ’ ಎಂದು ಓದಿ, ಅಲ್ಲೇ ನಿಂತಳು. ಅವಳಿಗೆ ವ್ಯಾಕರಣ ಹೇಳಬೇಕಾಗಲಿಲ್ಲ. ಮನೆಕ್ಕೆ ಎಂದು ಹುಟ್ಟಿದಾಗಿನಿಂದ ಯಾರೂ ಅಂದದ್ದನ್ನು ಅವಳ ಕಿವಿ ಕೇಳಿಲ್ಲ.

ಎರಡು ದಾರಿ, ಒಂದೇ ಟಿಕೆಟ್

ಜಾಗಕ್ಕೆ ಅಕಾರದಲ್ಲಿ ಮುಗಿಯುವ ನಾಮಪದ ಬೇಕು ಎಂಬುದು ಗೊತ್ತಾಯಿತು. ಈಗ ಬೆರಳು ತೆಗೆದು ಆವರಣದ ಪದ ನೋಡಬೇಕು. ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಇದು ಸಂಸ್ಕೃತದಿಂದ ಬಂದ ಪದವೋ, ಕನ್ನಡದ್ದೇ ಪದವೋ? ಎರಡರ ನಿಯಮಗಳು ಬೇರೆಬೇರೆ.

ಸಂಸ್ಕೃತದ ಗುಣವಾಚಕದಿಂದ ನಾಮಪದ ಮಾಡುವ ಒಂದು ದಾರಿ ಬಹಳ ಸರಳ. ಕೊನೆಗೆ ‘ತೆ’ ಸೇರಿಸಿದರಾಯಿತು, ಪದದ ಒಡಲು ಕದಲುವುದಿಲ್ಲ. ಸುಂದರ, ಸುಂದರತೆ. ನಿಪುಣ, ನಿಪುಣತೆ. ವಿವಿಧ, ವಿವಿಧತೆ. ಇನ್ನೊಂದು ದಾರಿಯಲ್ಲಿ ಕೊನೆಗೆ ‘ಯ’ ಸೇರುತ್ತದೆ ಮತ್ತು ಪದದ ಮೊದಲ ಸ್ವರ ಎದ್ದು ನಿಲ್ಲುತ್ತದೆ. ಅ ಇದ್ದದ್ದು ಆ ಆಗುತ್ತದೆ. ಇ, ಈ, ಏ ಇದ್ದರೆ ಐ. ಉ, ಊ, ಓ ಇದ್ದರೆ ಔ. ವ್ಯಾಕರಣದಲ್ಲಿ ಇದಕ್ಕೆ ವೃದ್ಧಿ ಎನ್ನುತ್ತಾರೆ. ಮಧುರದಿಂದ ಮಾಧುರ್ಯ, ವಿವಿಧದಿಂದ ವೈವಿಧ್ಯ, ಏಕದಿಂದ ಐಕ್ಯ, ಸುಂದರದಿಂದ ಸೌಂದರ್ಯ, ಶೂರದಿಂದ ಶೌರ್ಯ, ಧೀರದಿಂದ ಧೈರ್ಯ. ಸ್ವತಂತ್ರದಲ್ಲಿ ಮೊದಲ ಸ್ವರ ‘ಸ್ವ’ದೊಳಗಿನ ಅ. ಅದು ಆ ಆಗಿ, ಕೊನೆಗೆ ಯ ಸೇರಿ ಸ್ವಾತಂತ್ರ್ಯ.

ಮೊದಲ ಸ್ವರ ಎದ್ದು ಕೊನೆಗೆ ಯ ಬಂದಾಯಿತು ಎಂದರೆ ನಾಮಪದ ಆಗಿಹೋಯಿತು. ಅದರ ಮೇಲೆ ತೆ ಹಚ್ಚುವುದು, ಟಿಕೆಟ್ ತೆಗೆದವನು ಅದೇ ರೈಲಿಗೆ ಇನ್ನೊಂದು ಟಿಕೆಟ್ ತೆಗೆದ ಹಾಗೆ. ಆದರೂ ಈ ತಪ್ಪು ಎಷ್ಟು ಹರಡಿದೆ ಎಂದರೆ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ ಪ್ರಾಮುಖ್ಯತೆ, ವೈವಿಧ್ಯತೆ, ಐಕ್ಯತೆ ದಿನವೂ ಕಾಣುತ್ತವೆ. ಪ್ರಮುಖದಿಂದ ಪ್ರಾಮುಖ್ಯ, ಅಲ್ಲಿಗೆ ಮುಗಿಯಿತು. ಬೇಕಾದರೆ ಪ್ರಮುಖತೆ ಎನ್ನಬಹುದು. ಏಕತೆ ಅಥವಾ ಐಕ್ಯ, ವಿವಿಧತೆ ಅಥವಾ ವೈವಿಧ್ಯ. ಮಾತಿನಲ್ಲಿ ಯಾರಾದರೂ ಐಕ್ಯತೆ ಅಂದರೆ ನಾನು ತಿದ್ದಲು ಹೋಗುವುದಿಲ್ಲ. ಬಳಕೆಯಲ್ಲಿ ಅಷ್ಟು ಬೇರೂರಿದ ಪದದ ಅರ್ಥ ಯಾರಿಗೂ ತಪ್ಪುವುದಿಲ್ಲ. ಆದರೆ ಪದದ ರೂಪವನ್ನೇ ಪರೀಕ್ಷಿಸುವ ಪ್ರಶ್ನೆಯಲ್ಲಿ ಅದಕ್ಕೆ ಅಂಕ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ಹತ್ತನೇ ತರಗತಿಯ ಹುಡುಗ ಕೈ ಎತ್ತಿದ. ‘ಹಾಗಾದ್ರೆ ಪ್ರಾಮಾಣಿಕತೆ ತಪ್ಪಾ ಟೀಚರ್? ಅಲ್ಲೂ ಪ್ರ ಹೋಗಿ ಪ್ರಾ ಆಗಿದೆ, ತೆಯೂ ಇದೆ.’

ಅದು ಒಳ್ಳೆಯ ಪ್ರಶ್ನೆ. ಪ್ರಾಮಾಣಿಕತೆ ಸರಿ. ಇಲ್ಲಿ ಸ್ವರ ಎದ್ದದ್ದು ಬೇರೆ ಕಾರಣಕ್ಕೆ. ಪ್ರಮಾಣ ಎಂಬ ನಾಮಪದಕ್ಕೆ ‘ಇಕ’ ಸೇರಿ ಪ್ರಾಮಾಣಿಕ ಎಂಬ ವಿಶೇಷಣವಾಯಿತು. ಆಗ ಎದ್ದ ಸ್ವರ ವಿಶೇಷಣ ಮಾಡಲು ಎದ್ದದ್ದು. ಆ ವಿಶೇಷಣವನ್ನು ಮತ್ತೆ ನಾಮಪದ ಮಾಡಬೇಕಾದರೆ ತೆ ಬೇಕೇ ಬೇಕು. ವೈಚಾರಿಕತೆ, ಆಧ್ಯಾತ್ಮಿಕತೆ ಎಲ್ಲ ಹೀಗೆಯೇ. ಅಂದರೆ ಸ್ವರ ಎದ್ದಿದೆಯೇ ಎಂದಷ್ಟೇ ನೋಡಿದರೆ ಸಾಲದು, ಎದ್ದು ಏನಾಗಿದೆ ಎಂದು ನೋಡಬೇಕು.

ಅದನ್ನು ಪರೀಕ್ಷಿಸಲು ನಾವೊಂದು ಉಪಾಯ ಮಾಡಿಕೊಂಡೆವು. ಪದಕ್ಕೆ ‘ಆದ’ ಸೇರಿಸಿ ಒಂದು ನಾಮಪದದ ಹಿಂದೆ ಇಟ್ಟು ನೋಡುವುದು. ಪ್ರಾಮಾಣಿಕವಾದ ಉತ್ತರ, ಕಿವಿಗೆ ಒಪ್ಪುತ್ತದೆ. ಸುಂದರವಾದ ಮನೆ, ಒಪ್ಪುತ್ತದೆ. ಸೌಂದರ್ಯವಾದ ಮನೆ? ಒಪ್ಪುವುದಿಲ್ಲ. ಪ್ರಾಮುಖ್ಯವಾದ ವಿಷಯ? ಅದೂ ಎಡವುತ್ತದೆ, ಪ್ರಮುಖವಾದ ವಿಷಯ ಎನ್ನಬೇಕು. ‘ಆದ’ ಒಪ್ಪಿದರೆ ಅದು ವಿಶೇಷಣ, ಅದಕ್ಕೆ ತೆ ಹಚ್ಚಬಹುದು. ಒಪ್ಪದಿದ್ದರೆ ಅದು ಆಗಲೇ ನಾಮಪದ, ‘ತೆ’ಗೆ ಅಲ್ಲಿ ಕೆಲಸವಿಲ್ಲ. ಈ ಉಪಾಯಕ್ಕೆ ಮಿತಿಯೂ ಇದೆ. ಸಂತೋಷವಾದ ಸುದ್ದಿ ಎಂದು ಮಾತಿನಲ್ಲಿ ಅನ್ನುವವರಿದ್ದಾರೆ, ಸಂತೋಷವೋ ನಾಮಪದ. ಆದ್ದರಿಂದ ಈ ಪರೀಕ್ಷೆಯನ್ನು ಮೊದಲ ಸ್ವರ ಎದ್ದಿರುವ ಪದಗಳಿಗೆ ಮಾತ್ರ ಹಾಕುವುದು ಕ್ಷೇಮ.

ಇಕ ಪ್ರತ್ಯಯದ ವಿಷಯ ಬಂದದ್ದರಿಂದ ಒಂದು ಮಾತು. ವಿಶೇಷಣ ಬೇಡುವ ಜಾಗಗಳಲ್ಲಿ ಬಹುಪಾಲು ಬರುವುದು ಇದೇ. ಸಮಾಜ, ಸಾಮಾಜಿಕ. ಇತಿಹಾಸ, ಐತಿಹಾಸಿಕ. ಭೂಗೋಳ, ಭೌಗೋಳಿಕ. ಲೋಕ, ಲೌಕಿಕ. ಮಕ್ಕಳು ಇಕ ಹಚ್ಚುತ್ತಾರೆ, ಸ್ವರ ಎಬ್ಬಿಸುವುದನ್ನು ಮರೆಯುತ್ತಾರೆ. ‘ಇತಿಹಾಸಿಕ’, ‘ಸಮಾಜಿಕ’ ಎಂದು ಬರೆಯುತ್ತಾರೆ. ಹಾಗೆಂದು ಇಕ ಕಂಡಲ್ಲೆಲ್ಲ ಸ್ವರ ಏಳುತ್ತದೆ ಎಂದೂ ಹೇಳಲಾಗದು. ಕ್ಷಣದಿಂದ ಕ್ಷಣಿಕ, ರಸದಿಂದ ರಸಿಕ, ಧನದಿಂದ ಧನಿಕ. ಇವು ಕೈಬೆರಳೆಣಿಕೆಯಷ್ಟಿವೆ, ನೆನಪಿಟ್ಟುಕೊಳ್ಳುವುದೇ ದಾರಿ.

ನಮ್ಮ ಮಕ್ಕಳಿಗೆ ಸ್ವರ ಎಬ್ಬಿಸುವುದನ್ನು ಕಲಿಸಲು ನಾನು ಊರಿನ ಬೋರ್ಡುಗಳನ್ನೇ ಬಳಸುತ್ತೇನೆ. ಡೊಂಬಿವಲಿಯ ಕಾರ್ಖಾನೆಗಳಿರುವ ಎಂಐಡಿಸಿ ಪ್ರದೇಶದ ಕಡೆ ಹೋದರೆ ಮರಾಠಿಯಲ್ಲಿ ‘ಔದ್ಯೋಗಿಕ’ ಎಂಬ ಪದ ದೊಡ್ಡದಾಗಿ ಕಾಣುತ್ತದೆ. ಉದ್ಯೋಗದ ಉ ಎದ್ದು ಔ ಆಗಿದೆ ನೋಡಿ ಎನ್ನುತ್ತೇನೆ. ಆದರೆ ರೂಪ ಒಂದೇ ಆದರೂ ಅರ್ಥ ಒಂದೇ ಎಂದುಕೊಳ್ಳಬಾರದು. ಮರಾಠಿಯಲ್ಲಿ ಉದ್ಯೋಗ ಎಂದರೆ ಉದ್ಯಮ, ಕೈಗಾರಿಕೆ. ಕನ್ನಡದಲ್ಲಿ ಇಂದು ಉದ್ಯೋಗ ಎಂದ ಕೂಡಲೇ ಮನಸ್ಸಿಗೆ ಬರುವುದು ನೌಕರಿ. ಮರಾಠಿಯವರು ಔದ್ಯೋಗಿಕ ಎನ್ನುವ ಕಡೆ ನಾವು ಕೈಗಾರಿಕಾ ಎನ್ನುತ್ತೇವೆ.

ಕನ್ನಡದ್ದೇ ಪದವಾದರೆ

ಇಲ್ಲಿ ಸ್ವರ ಎಬ್ಬಿಸುವ ಆಟವಿಲ್ಲ. ಧಾತುವಿಗೆ ಪ್ರತ್ಯಯ ಸೇರಿ ನಾಮಪದವಾಗುತ್ತದೆ. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಕೃದಂತ ಭಾವನಾಮ ಎಂಬ ಹೆಸರು. ಯಾವ ಧಾತುವಿಗೆ ಯಾವ ಪ್ರತ್ಯಯ ಎಂಬುದಕ್ಕೆ ಗಟ್ಟಿಯಾದ ನಿಯಮ ಸಿಗುವುದಿಲ್ಲ. ಓಡು ಓಟವಾಗುತ್ತದೆ, ಆಡು ಆಟವಾಗುತ್ತದೆ, ನೋಡು ನೋಟವಾಗುತ್ತದೆ, ಕೂಡು ಕೂಟವಾಗುತ್ತದೆ. ಇದನ್ನು ಕೇಳಿದ ಚಿಕ್ಕ ಹುಡುಗ ಹಾಡು ‘ಹಾಟ’ ಆಗುತ್ತದೆ ಎಂದ. ಅವನ ನಿಯಮ ಸರಿಯಾಗಿಯೇ ಇತ್ತು, ಭಾಷೆ ಆ ದಾರಿ ಹಿಡಿಯಲಿಲ್ಲ ಅಷ್ಟೇ. ಹಾಡುವುದೂ ಹಾಡು, ಹಾಡಿದ್ದೂ ಹಾಡು. ಮಾಡು ಎಂಬುದು ಮಾಟ ಆಗುತ್ತದೆ ನಿಜ, ಆದರೆ ಇಂದು ಮಾಟ ಎಂದರೆ ಜನ ಬೇರೆಯದೇ ಅರ್ಥ ಮಾಡಿಕೊಂಡು ಬೆಚ್ಚುತ್ತಾರೆ.

ಏನೂ ಹೊಳೆಯದಾಗ ಬಳಸಬಹುದಾದ ಒಂದು ರೂಪವಿದೆ, ‘ಉವಿಕೆ’. ಓಡುವಿಕೆ, ನಂಬುವಿಕೆ, ನಡೆಯುವಿಕೆ. ಬಹುಮಟ್ಟಿಗೆ ಯಾವ ಧಾತುವಿಗೂ ಇದು ಹೊಂದುತ್ತದೆ. ಆದರೆ ಇದು ಹೇಳುವುದು ಆ ಕ್ರಿಯೆಯನ್ನು ಮಾತ್ರ, ಕ್ರಿಯೆಯಿಂದ ಹುಟ್ಟಿದ ವಿಷಯವನ್ನಲ್ಲ. ‘ಅವಳ ____ಯನ್ನು ಒಡೆಯಬೇಡ’ (ನಂಬು) ಎಂಬಲ್ಲಿ ನಂಬುವಿಕೆ ಬರೆದರೆ ವ್ಯಾಕರಣ ಕೆಡುವುದಿಲ್ಲ, ಮಾತು ಕೆಡುತ್ತದೆ. ಅಲ್ಲಿ ನಂಬಿಕೆಯೇ ಬೇಕು.

ಕನ್ನಡ ಧಾತುಗಳ ನಿಜವಾದ ಕಷ್ಟ ಇದು: ಒಂದೇ ಧಾತುವಿಗೆ ಹಲವು ನಾಮಪದಗಳಿದ್ದು, ಪ್ರತಿಯೊಂದೂ ತನ್ನ ಅರ್ಥವನ್ನು ಬೇಲಿ ಹಾಕಿಕೊಂಡು ಕೂತಿರುತ್ತದೆ. ನಡೆ ಎಂಬ ಧಾತುವನ್ನು ತೆಗೆದುಕೊಳ್ಳಿ. ಕಾಲಿನಿಂದ ನಡೆಯುವುದು ನಡಿಗೆ. ಮನುಷ್ಯನ ಗುಣವನ್ನು ತೂಗುವಾಗ ನಡತೆ. ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರದಲ್ಲಿ ಇರುವುದು ಇದೇ. ಜನರ ನಡುವೆ ಒಬ್ಬರು ಹೇಗೆ ವರ್ತಿಸುತ್ತಾರೆ ಎಂಬುದು ನಡವಳಿಕೆ. ಸಭೆಯಲ್ಲಿ ಆದದ್ದನ್ನು ಬರೆದಿಡುವುದು ನಡಾವಳಿ. ‘ಸರ್ಕಾರದ ಮುಂದಿನ ನಡೆ’ ಎನ್ನುವಾಗ ಧಾತು ಏನನ್ನೂ ಸೇರಿಸಿಕೊಳ್ಳದೆ ತಾನೇ ನಾಮಪದವಾಗಿದೆ. ಇವೆಲ್ಲ ಎಕಾರ ಅಥವಾ ಇಕಾರದಲ್ಲೇ ಮುಗಿಯುತ್ತವೆ, ಹಾಗಾಗಿ ‘ಯನ್ನು’ ಎಂಬ ಸುಳಿವು ಇಲ್ಲಿ ಕೈಕೊಡುತ್ತದೆ. ಆಗ ಜಾಗದ ಹಿಂದಿನ ಪದವನ್ನು ಕೇಳಬೇಕು. ‘ವೇಗದ’ ಎಂದಿದ್ದರೆ ನಡಿಗೆ. ‘ಸಭೆಯ’ ಎಂದಿದ್ದರೆ ನಡಾವಳಿ. ‘ಒಳ್ಳೆಯ’ ಎಂದಿದ್ದರೆ ನಡತೆ.

ನಡತೆಯಲ್ಲಿ, ಅಳೆಯಿಂದ ಬಂದ ಅಳತೆಯಲ್ಲಿ ಕಾಣುವ ತೆ ಕನ್ನಡದ್ದು, ಧಾತುವಿಗೆ ಸೇರುವಂಥದ್ದು. ಸುಂದರತೆಯ ತೆ ಸಂಸ್ಕೃತದ ತಾ. ಮುಖ ಒಂದೇ, ಮನೆತನ ಬೇರೆ. ಈ ಭೇದ ತಿಳಿಯದೆ ಸಂಸ್ಕೃತದ ತೆಯನ್ನು ಕನ್ನಡ ಗುಣವಾಚಕಕ್ಕೆ ಹಚ್ಚಿದರೆ ‘ಬಡತೆ’, ‘ಜಾಣತೆ’ ಹುಟ್ಟುತ್ತವೆ. ಅಲ್ಲಿ ಬೇಕಾದ್ದು ತನ: ಬಡತನ, ಜಾಣತನ, ಸಣ್ಣತನ. ಮರಾಠಿ ಬಲ್ಲ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಅವರು ಮೋಠೇಪಣಾ ಎನ್ನುವ ಕಡೆ ನಾವು ದೊಡ್ಡತನ ಎನ್ನುತ್ತೇವೆ, ಪಣಾ ಇದ್ದಲ್ಲಿ ತನ ಇಟ್ಟು ನೋಡಿ ಎಂದರೆ ಸಾಕು. ಆದರೆ ದೊಡ್ಡಸ್ತಿಕೆ ಎಂದರೆ ಅರ್ಥ ಬೇರೆ, ಅದು ದೊಡ್ಡವನೆಂದು ತೋರಿಸಿಕೊಳ್ಳುವುದು. ಹಾಗೆಯೇ ಹಿರಿತನ ವಯಸ್ಸಿನದು, ಹಿರಿಮೆ ಗುಣದ್ದು.

ಕ್ರಿಯಾವಿಶೇಷಣದಲ್ಲಿ ಹೇಳುವುದು ಹೆಚ್ಚಿಲ್ಲ. ಇಂಗ್ಲಿಷಿನ ‘ಲಿ’ ಇರುವಂತೆ ನಮಗೆ ‘ಆಗಿ’ ಇದೆ, ಮರಾಠಿಯ ‘ಪಣೇ’ಗೂ ಅದೇ ಸಾಟಿ. ಯಶಸ್ವೀಪಣೇ ಎಂದು ಶಾಲೆಯಲ್ಲಿ ಬರೆಯುವ ಮಗು ಇಲ್ಲಿ ಯಶಸ್ವಿಯಾಗಿ ಎಂದು ಬರೆಯಬೇಕು. ವಿಶೇಷಣಕ್ಕೆ ಆಗಿ ಸೇರಿಸಬೇಕು, ನಾಮಪದಕ್ಕೆ ಇಂದ ಸೇರಿಸಬೇಕು ಎಂಬುದಷ್ಟನ್ನು ನೆನಪಿಟ್ಟರೆ ಬಹುಪಾಲು ಸರಿಹೋಗುತ್ತದೆ: ಪ್ರಾಮಾಣಿಕವಾಗಿ ದುಡಿದ, ಪ್ರಾಮಾಣಿಕತೆಯಿಂದ ದುಡಿದ. ಸುಂದರವಾಗಿ ಬರೆದಳು ಸರಿ, ಸೌಂದರ್ಯವಾಗಿ ಬರೆದಳು ತಪ್ಪು. ಮೆಲ್ಲನೆ, ಥಟ್ಟನೆ, ಸುಮ್ಮನೆ ಮುಂತಾದವು ಅನೆ ಎಂಬ ಬೇರೆ ಪ್ರತ್ಯಯ ಹೊತ್ತವು. ಅವುಗಳಿಗೆ ಆಗಿ ಬೇಕಿಲ್ಲ.

ಒಂದು ಪ್ಯಾರಾ ಪೂರ್ತಿ ಬಿಡಿಸೋಣ

ಮುಂದಿನ ಭಾನುವಾರ ಮಕ್ಕಳಿಗೆ ಕೊಟ್ಟದ್ದು ಇದು. ಅವರಿಗೆ ಗೊತ್ತಿರುವ ಲೋಕಲ್ ರೈಲಿನದೇ ಕಥೆ.

ಬೆಳಗಿನ ಲೋಕಲ್‌ನಲ್ಲಿ ಎಷ್ಟೋ ವರ್ಷಗಳಿಂದ ಜೊತೆಗೆ ಓಡಾಡುವ ಹೆಂಗಸರ ಗುಂಪೊಂದಿದೆ. ಪರಸ್ಪರರ ಜೊತೆಗಿನ ಅವರ (1) ____ಯನ್ನು (ನಡೆ) ನೋಡಿದರೆ ಒಂದೇ ಮನೆಯವರು ಅನ್ನಿಸುತ್ತದೆ. ಡಬ್ಬಿಯಲ್ಲಿ ತಂದ ತಿಂಡಿಯನ್ನು (2) ____ (ಸಮ) ಹಂಚಿಕೊಳ್ಳುತ್ತಾರೆ. ಒಂದು ದಿನ ಹೊಸ ಹುಡುಗಿಯೊಬ್ಬಳು ಪರ್ಸು ಕಳೆದುಕೊಂಡು ಅಳುತ್ತಾ ನಿಂತಿದ್ದಳು. ಅವಳ (3) ____ಯನ್ನು (ಸಹಾಯ) ಕಂಡು ಒಬ್ಬರು ಮನೆಗೆ ಮರಳಲು ದುಡ್ಡು ಕೊಟ್ಟರು. ಆ (4) ____ವನ್ನು (ಉದಾರ) ಅವಳು ಮರೆಯಲಿಲ್ಲ. ಇಂಥ (5) ____ (ಸಮಾಜ) ಬಂಧಗಳು ಈ ಊರಿನ ರೈಲುಗಳಲ್ಲಿ ಬಹಳ.

ಮೊದಲನೆಯದರಲ್ಲಿ ‘ಯನ್ನು’ ಇದೆ, ನಾಮಪದ ಬೇಕು. ಪದ ಕನ್ನಡದ್ದು, ಹಾಗಾಗಿ ಸ್ವರದ ಚಿಂತೆಯಿಲ್ಲ. ಉಳಿದದ್ದು ಅರ್ಥ. ಇಬ್ಬರು ಹುಡುಗರು ನಡಿಗೆ ಬರೆದರು. ತುಂಬಿದ ಲೋಕಲ್‌ನಲ್ಲಿ ನಡೆಯಲು ಜಾಗವೆಲ್ಲಿ ಎಂದು ಪಕ್ಕದವಳೇ ತಿದ್ದಿದಳು. ‘ಪರಸ್ಪರರ ಜೊತೆಗಿನ’ ಎಂಬ ಮಾತು ನಡವಳಿಕೆಯನ್ನು ಕೇಳುತ್ತಿದೆ. ನಡತೆ ಬರೆದವಳಿಗೂ ಪೂರ್ತಿ ಅಂಕ ಕೊಡಲಿಲ್ಲ, ಏಕೆಂದರೆ ನಡತೆ ಒಬ್ಬೊಬ್ಬರದು, ಅದಕ್ಕೆ ಇನ್ನೊಬ್ಬರ ಜೊತೆ ಬೇಕಿಲ್ಲ. ಇದು ನನ್ನ ತೀರ್ಮಾನ, ಬೇರೆ ಶಿಕ್ಷಕರು ಅದನ್ನು ಒಪ್ಪಿಕೊಂಡರೆ ನಾನು ಜಗಳ ಮಾಡುವುದಿಲ್ಲ.

ಎರಡನೆಯದಕ್ಕೆ ಪ್ರತ್ಯಯ ಅಂಟಿಲ್ಲ, ಮುಂದೆ ಇರುವುದು ಕ್ರಿಯಾಪದ. ಹೇಗೆ ಹಂಚಿಕೊಳ್ಳುತ್ತಾರೆ? ಸಮನಾಗಿ. ಸಮವಾಗಿ ಎಂದರೂ ಸರಿ. ಒಬ್ಬ ‘ಸಮತೆ’ ಬರೆದಿದ್ದ. ಸಮತೆ ಒಳ್ಳೆಯ ಪದವೇ, ಆದರೆ ಅದು ನಾಮಪದ. ಇಲ್ಲಿ ಕೂರಬೇಕಾದರೆ ಅದಕ್ಕೆ ಇಂದ ಬೇಕಿತ್ತು.

ಮೂರನೆಯದರಲ್ಲಿ ಎಲ್ಲರೂ ಬಿದ್ದರು. ಅದು ಗೊತ್ತಿದ್ದೇ ಇಟ್ಟಿದ್ದೆ. ಹೆಚ್ಚಿನವರು ‘ಸಹಾಯತೆ’ ಎಂದು ಬರೆದಿದ್ದರು. ಹಿಂದಿಯ ಸಹಾಯತಾ ಅವರ ಕಿವಿಯಲ್ಲಿತ್ತು, ‘ಯನ್ನು’ ಎಂಬ ಸುಳಿವಿಗೂ ಅದು ಹೊಂದುತ್ತಿತ್ತು. ಆದರೆ ವಾಕ್ಯವನ್ನು ಓದಿದರೆ ಹುಡುಗಿ ಸಹಾಯ ಮಾಡುತ್ತಿಲ್ಲ, ಸಹಾಯವಿಲ್ಲದೆ ನಿಂತಿದ್ದಾಳೆ. ಅರ್ಥ ತಿರುಗಬೇಕು, ಅಂದರೆ ಪದದ ಆರಂಭದಲ್ಲೂ ಒಂದು ಅಕ್ಷರ ಸೇರಬೇಕು. ಸಹಾಯದಿಂದ ಸಹಾಯಕ, ಅದಕ್ಕೆ ಅ ಸೇರಿ ಅಸಹಾಯಕ. ಆದ ಹಾಕಿ ನೋಡಿದರೆ ‘ಅಸಹಾಯಕವಾದ ಸ್ಥಿತಿ’ ಒಪ್ಪುತ್ತದೆ, ಆದ್ದರಿಂದ ವಿಶೇಷಣ. ಅದಕ್ಕೆ ತೆ ಹಚ್ಚಿದರೆ ಅಸಹಾಯಕತೆ. ಒಂದು ಪದಕ್ಕೆ ಮೂರು ಹೆಜ್ಜೆ. ಸಂಸ್ಕೃತ ಪದ ಕೊಟ್ಟಿರುವ ಕಡೆ ಬರೆದ ಮೇಲೆ ಒಮ್ಮೆ ಇಡೀ ವಾಕ್ಯವನ್ನು ಓದಿ, ಇಲ್ಲ ಎಂಬ ಅರ್ಥ ಬೇಕಿತ್ತೇ ಎಂದು ಕೇಳಿಕೊಳ್ಳಲು ಅವತ್ತಿನಿಂದ ಹೇಳುತ್ತಿದ್ದೇನೆ.

ನಾಲ್ಕನೆಯದನ್ನು ಬಿಡಿಸಿದ್ದು ಆಗಸ್ಟಿನಲ್ಲಿ ಸ್ವಾತಂತ್ರ್ಯತೆ ಬರೆದಿದ್ದ ಹುಡುಗಿಯೇ. ಬೆರಳಿನಿಂದ ಆವರಣ ಮುಚ್ಚಿಕೊಂಡಳು. ‘ವನ್ನು ಇದೆ, ಅ ಅಲ್ಲಿ ಮುಗೀಬೇಕು. ಉದಾರತೆ ಆಗಲ್ಲ, ಉದಾರತೆಯನ್ನು ಅಂತಿರಬೇಕಿತ್ತು. ಉ ಎದ್ರೆ ಔ, ಕೊನೇಲಿ ಯ’ ಎಂದು ತನಗೆ ತಾನೇ ಹೇಳಿಕೊಂಡು ಔದಾರ್ಯ ಎಂದು ಬರೆದಳು. ರಕಾರಕ್ಕೆ ಯ ಒತ್ತು ಕೊಡುವಾಗ ಒಂದು ಕ್ಷಣ ತಡವರಿಸಿ, ಸೌಂದರ್ಯ ಎಂದು ಪಕ್ಕದಲ್ಲಿ ಬರೆದು ನೋಡಿಕೊಂಡಳು.

ಐದನೆಯದು ಸಾಮಾಜಿಕ, ಎಲ್ಲರಿಗೂ ಬಂತು. ‘ಸಮಾಜಿಕ’ ಬರೆದಿದ್ದ ಒಬ್ಬ ಮಾತ್ರ ನಾನು ಏನೂ ಹೇಳುವ ಮೊದಲೇ ರಬ್ಬರ್ ಕೈಗೆತ್ತಿಕೊಂಡು ಸಕಾರಕ್ಕೆ ದೀರ್ಘ ಎಳೆದ.